ಸ್ಲಿಪ್‌ನಲ್ಲಿ ಫೇಲ್, ಖಾತೆಯಲ್ಲಿ 8,640 ಕಟ್: ದುಡ್ಡು ಯಾರ ಹತ್ತಿರ ಇದೆ?

ಹಾರಂಗಿ_ದಂಡೆ (ಮಂಗಳವಾರ, 15 ಜುಲೈ 2025, ಬೆಳಿಗ್ಗೆ)
ಗೋಣಿಕೊಪ್ಪದ ಅಂಗಡಿಯೊಂದರಲ್ಲಿ ಮೈಲುತುತ್ತ, ಸುಣ್ಣ, ಒಂದು ಸ್ಪ್ರೇಯರ್ ತಗೊಂಡು ಕಾರ್ಡ್ ಕೊಟ್ಟೆ. ಮೆಷಿನ್ ಫೇಲ್ ಅಂತ ಸ್ಲಿಪ್ ಕೊಟ್ಟಿತು, ಖಾತೆಯಿಂದ ಮಾತ್ರ 8,640 ರೂಪಾಯಿ ಹೋಗಿದೆ. ಅಂಗಡಿಯವರಿಗೆ ಪುನಃ ನಗದು ಕೊಟ್ಟು ಸಾಮಾನು ತಂದೆ. ಬ್ಯಾಂಕಿಗೆ ಫೋನ್ ಮಾಡಿದರೆ "ನಮ್ಮಲ್ಲಿ ಸಕ್ಸಸ್ ತೋರಿಸ್ತಿದೆ, ಅಂಗಡಿಯವರನ್ನು ಕೇಳಿ" ಅಂತಾರೆ. ಅಂಗಡಿಯವರು "ನಮಗೆ ಬಂದೇ ಇಲ್ಲ, ಬ್ಯಾಂಕನ್ನು ಕೇಳಿ" ಅಂತಾರೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳ್ತಿರಬೇಕು. ಯಾರನ್ನು ಹಿಡಿಯಲಿ?

ಕೌಂಟರ್_ಸೈಡ್
ಅಂಗಡಿಯವರನ್ನೇ ಹಿಡೀರಿ ಅಣ್ಣ. ಬ್ಯಾಂಕ್ ಸಕ್ಸಸ್ ಅಂದ ಮೇಲೆ ದುಡ್ಡು ಅವರ ಕಡೆ ಹೋಗಿದೆ ಅಂತಲೇ ಅರ್ಥ. ವ್ಯವಹಾರ ರದ್ದು ಮಾಡೋಕೆ ಮೆಷಿನ್‌ನಲ್ಲಿ ವಾಯ್ಡ್ ಅಂತ ಇರುತ್ತೆ, ಇನ್ವಾಯ್ಸ್ ನಂಬರ್ ಹೊಡೆದರೆ ಎರಡು ನಿಮಿಷದ ಕೆಲಸ. ನಾನು ದಿನಾ ಮಾಡ್ತೀನಿ.

ಸ್ವಿಚ್_ಲಾಗ್
ವಾಯ್ಡ್ ಮಾತು ಆಮೇಲೆ. ಹಾರಂಗಿಯವರೇ, ಮುಖ್ಯವಾದ ವಿಷಯಗಳನ್ನೇ ಬಿಟ್ಟಿದ್ದೀರಿ. ಡೆಬಿಟ್ ಕಾರ್ಡಾ, ಕ್ರೆಡಿಟ್ ಕಾರ್ಡಾ? ಯಾವ ದಿನ? ಸ್ಲಿಪ್‌ನಲ್ಲಿ ಫೇಲ್ ಅನ್ನೋದಕ್ಕೆ ಕಾರಣ ಏನು ಬರೆದಿದೆ? ಆರು ಅಂಕಿಯ ಅಪ್ರೂವಲ್ ಕೋಡ್ ಇದೆಯಾ? ಒಂದೇ ಸಲ ಹಾಕಿದ್ದಾ, ಎರಡನೇ ಸಲವೂ ಹಾಕಿ ನೋಡಿದ್ರಾ? ಎಸ್ಸೆಮ್ಮೆಸ್ ಎಷ್ಟು ಬಂತು?

ಹಾರಂಗಿ_ದಂಡೆ
ಡೆಬಿಟ್, ರುಪೇ. ಶನಿವಾರ 12ರ ಮಧ್ಯಾಹ್ನ. ಪಿನ್ ಒತ್ತಿದ ಮೇಲೆ ತುಂಬಾ ಹೊತ್ತು ಸುತ್ತುತ್ತಾ ಇತ್ತು. ಸ್ಲಿಪ್‌ನಲ್ಲಿ `TRANSACTION FAILED - TIMEOUT` ಅಂತ ಇದೆ. ಅಪ್ರೂವಲ್ ಕೋಡ್ ಇಲ್ಲ. ಒಂದೇ ಸಲ ಹಾಕಿದ್ದು, ಒಂದೇ ಮೆಸೇಜ್. ಇದೆಲ್ಲ ಯಾಕೆ ಬೇಕು ಗೊತ್ತಾಗ್ತಿಲ್ಲ, ದುಡ್ಡು ಹೋಗಿದೆ ಅನ್ನೋದಂತೂ ನಿಜ.

ಸ್ವಿಚ್_ಲಾಗ್
ಯಾಕೆ ಬೇಕು ಅಂದರೆ, ಟೈಮ್‌ಔಟ್ ಅನ್ನೋ ಆ ಒಂದು ಪದದಲ್ಲೇ ನಿಮ್ಮ ಉತ್ತರ ಇದೆ. ಬ್ಯಾಲೆನ್ಸ್ ಸಾಲದೆ ಫೇಲ್ ಆದರೆ, ಪಿನ್ ತಪ್ಪಾಗಿ ಫೇಲ್ ಆದರೆ, ಬೇಡ ಅಂದವರು ನಿಮ್ಮ ಬ್ಯಾಂಕಿನವರೇ. ಆಗ ದುಡ್ಡು ಕಟ್ ಆಗೋದೇ ಇಲ್ಲ. ಟೈಮ್‌ಔಟ್‌ನಲ್ಲಿ ಯಾರೂ ಬೇಡ ಅಂದಿಲ್ಲ. ಮೆಷಿನ್ ಕಾದು ಕಾದು ಕೈಬಿಟ್ಟಿದೆ, ಅಷ್ಟೇ.

ನಡೆದದ್ದು ಹೀಗೆ. ಕೇಳಿಕೆ ಮೆಷಿನ್‌ನಿಂದ ಹೊರಟು, ಮೆಷಿನ್ ಕೊಟ್ಟ ಬ್ಯಾಂಕಿಗೆ ಹೋಗಿ, ಅಲ್ಲಿಂದ ರುಪೇ ಜಾಲದ ಮೂಲಕ ನಿಮ್ಮ ಬ್ಯಾಂಕಿಗೆ ತಲುಪಿತು. ನಿಮ್ಮ ಬ್ಯಾಂಕ್ ಪಿನ್ ನೋಡಿ, ಬ್ಯಾಲೆನ್ಸ್ ನೋಡಿ, 8,640 ಕತ್ತರಿಸಿ "ಸರಿ" ಅಂತ ಉತ್ತರ ಕಳಿಸಿತು. ಆ ಉತ್ತರ ವಾಪಸ್ ಬರುವ ದಾರಿಯಲ್ಲಿ ಎಲ್ಲೋ ನಿಂತಿತು. ಹಾಗಾಗಿ ನಿಮ್ಮ ಬ್ಯಾಂಕಿನ ಪುಸ್ತಕದಲ್ಲಿ ಸಕ್ಸಸ್, ಮೆಷಿನ್‌ನಲ್ಲಿ ಫೇಲ್. ಇಬ್ಬರೂ ನಿಜವನ್ನೇ ಹೇಳ್ತಿದ್ದಾರೆ.

ದುಡ್ಡು ಅಂಗಡಿಯವರ ಖಾತೆಗೆ ಹೋಗಿಲ್ಲ. ರಾತ್ರಿ ಮೆಷಿನ್ ಬ್ಯಾಚ್ ಸೆಟಲ್ ಮಾಡುವಾಗ, ಅಂದರೆ ದಿನದ ಲೆಕ್ಕ ಒಟ್ಟಿಗೆ ಕಳಿಸುವಾಗ, ಪಾಸ್ ಆದ ವ್ಯವಹಾರಗಳನ್ನಷ್ಟೇ ಸೇರಿಸಿ ಹಣ ಕೇಳುತ್ತೆ. ನಿಮ್ಮದು ಆ ಪಟ್ಟಿಯಲ್ಲೇ ಇಲ್ಲ. ಯಾರೂ ಕೇಳದ ದುಡ್ಡು ನಿಮ್ಮ ಬ್ಯಾಂಕಿನಲ್ಲೇ ಕೂತಿದೆ.

ಕೌಂಟರ್_ಸೈಡ್
ಹಾಗಾದರೆ ವಾಯ್ಡ್ ಹೊಡೆದರೆ ತಪ್ಪೇನು? ವಾಪಸ್ ಕಳಿಸೋಕೇ ತಾನೇ ವಾಯ್ಡ್ ಇರೋದು. ಒಂದು ಸಲ ಟ್ರೈ ಮಾಡಿಸಿ.

ಸ್ವಿಚ್_ಲಾಗ್
ವಾಯ್ಡ್ ಮಾಡಲು ಬ್ಯಾಚಿನಲ್ಲಿ ಆ ವ್ಯವಹಾರ ಇರಬೇಕು. ಇಲ್ಲಿ ಇಲ್ಲ. ಹೊಡೆದರೆ ಇನ್ವಾಯ್ಸ್ ಸಿಗಲಿಲ್ಲ ಅಂತ ಬರುತ್ತೆ, ಅಷ್ಟೇ ಆಗಿದ್ದರೆ ಪರವಾಗಿಲ್ಲ. ಗಡಿಬಿಡಿಯಲ್ಲಿ ಪಕ್ಕದ ಇನ್ವಾಯ್ಸ್ ನಂಬರ್ ಹೊಡೆದರೆ ಬೇರೆ ಗಿರಾಕಿಯ ವ್ಯವಹಾರ ರದ್ದಾಗುತ್ತೆ. ರಿಫಂಡ್ ಮೆನುವಿಗೆ ಹೋಗಿ 8,640 ಕಳಿಸಿದರೆ ಅದು ಅಂಗಡಿಯವರ ಸ್ವಂತ ದುಡ್ಡು. ಆಮೇಲೆ ಬ್ಯಾಂಕಿನದ್ದೂ ಬಂದಾಗ ಹಾರಂಗಿಯವರಿಗೆ ಎರಡು ಸಲ ಬಂದಂತಾಗುತ್ತೆ.

ನೀವು ಹೇಳುವುದು ಸರಿಯಾಗೋ ಸಂದರ್ಭ ಒಂದಿದೆ. ಉತ್ತರ ಮೆಷಿನ್‌ಗೆ ಬಂದು, ಪೇಪರ್ ರೋಲ್ ಮುಗಿದು ಸ್ಲಿಪ್ ಮಾತ್ರ ಬರದಿದ್ದರೆ, ಆ ವ್ಯವಹಾರ ಪಾಸ್ ಆಗಿದೆ. ಡೂಪ್ಲಿಕೇಟ್ ಪ್ರಿಂಟ್ ತೆಗೆದರೆ, ಇಲ್ಲವೇ ಡೀಟೇಲ್ ರಿಪೋರ್ಟ್ ತೆಗೆದರೆ ಅಪ್ರೂವಲ್ ಕೋಡ್ ಸಮೇತ ಕಾಣುತ್ತೆ. ಅಂಥದ್ದಕ್ಕೆ ಸೆಟಲ್ಮೆಂಟ್‌ಗೆ ಮುಂಚೆ ವಾಯ್ಡ್, ಆಮೇಲೆ ಆದರೆ ರಿಫಂಡ್.

ಪೇಟೆ_ಬೀದಿ
ನಂಗೂ ಕುಶಾಲನಗರದಲ್ಲಿ ಹೀಗೇ ಆಗಿತ್ತು, ಮರುದಿನವೇ ಬಂತು. ನಿಯಮ ಒಂದೇ ದಿನ. ನಿಮಗೆ ಆಗಲೇ ಮೂರು ದಿನ ಆಯ್ತು, ದಿನಕ್ಕೆ ನೂರರಂತೆ ಪರಿಹಾರ ಕೇಳಿ.

ಸ್ವಿಚ್_ಲಾಗ್
ನೀವು ಹೇಳ್ತಿರೋದು ಯುಪಿಐನಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಕಳಿಸಿದ್ದಿರಬೇಕು. ಅದಕ್ಕೆ ಒಂದು ದಿನ. ಅಂಗಡಿಯ ಕಾರ್ಡ್ ಮೆಷಿನ್‌ಗೆ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ಕೊಟ್ಟಿರೋದು ಟಿ ಪ್ಲಸ್ 5. ಅಂಗಡಿಗೆ ಯುಪಿಐನಲ್ಲಿ ಕೊಟ್ಟು ಅಲ್ಲಿಗೆ ದೃಢೀಕರಣ ಬರದಿದ್ದರೂ ಅದೇ 5 ದಿನ. ಟಿ ಅಂದರೆ ವ್ಯವಹಾರದ ತಾರೀಖು. ಇವರದ್ದು 12, ಹಾಗಾಗಿ 17ರ ಗುರುವಾರದ ತನಕ ಬ್ಯಾಂಕಿಗೆ ಸಮಯ ಇದೆ. ಅದು ದಾಟಿದರೆ ತಡವಾದ ಪ್ರತಿ ದಿನಕ್ಕೆ 100 ರೂಪಾಯಿ, ಗಿರಾಕಿ ಕೇಳದಿದ್ದರೂ ಬ್ಯಾಂಕ್ ತಾನಾಗೇ ಹಾಕಬೇಕು.

ನಾಪೋಕ್ಲು_ನೆಟ್
ಒಂದು ಸಂಶಯ. ಆ ಸುತ್ತೋಲೆಯಲ್ಲಿ ಚಾರ್ಜ್ ಸ್ಲಿಪ್ ಬಾರದಿದ್ದರೆ ಅಂತ ಇದೆ. ಇವರಿಗೆ ಸ್ಲಿಪ್ ಬಂದಿದೆಯಲ್ಲ, ಬ್ಯಾಂಕ್ ಅದನ್ನೇ ಹಿಡಿದು ನುಣುಚಿಕೊಳ್ಳಲ್ವಾ?

ಸ್ವಿಚ್_ಲಾಗ್
ಅಲ್ಲಿ ಮುಖ್ಯ ಮಾತು, ಖಾತೆ ಕಟ್ ಆಗಿ ಅಂಗಡಿಗೆ ದೃಢೀಕರಣ ತಲುಪದಿರುವುದು. ಚಾರ್ಜ್ ಸ್ಲಿಪ್ ಅಂದರೆ ಪಾಸ್ ಆದ ಸ್ಲಿಪ್. ಫೇಲ್ ಅಂತ ಅಚ್ಚಾದ ಸ್ಲಿಪ್ ಇದ್ದರೆ ದೃಢೀಕರಣ ತಲುಪಿಲ್ಲ ಅನ್ನೋದಕ್ಕೆ ಅದೇ ಸಾಕ್ಷಿ. ಆ ಕಾಗದ ಉಷ್ಣಕ್ಕೆ ಅಚ್ಚಾಗುವಂಥದ್ದು, ಪರ್ಸಿನಲ್ಲಿಟ್ಟರೆ ಕೆಲವೇ ವಾರಗಳಲ್ಲಿ ಅಳಿಸಿ ಹೋಗಬಹುದು. ಇವತ್ತೇ ಫೋಟೋ ತೆಗೆದಿಡಿ.

ಕೌಂಟರ್_ಸೈಡ್
ಇದೆಲ್ಲ ಸಿಮ್ ತೊಂದರೆ. ಗೋಣಿಕೊಪ್ಪದಲ್ಲಿ ಮಳೆ ಹಿಡಿದರೆ ಬಿಎಸ್ಸೆನ್ನೆಲ್ ಬಿಟ್ಟು ಬೇರೆ ಯಾವುದೂ ನಿಲ್ಲಲ್ಲ. ಮೆಷಿನ್‌ಗೆ ಆ ಸಿಮ್ ಹಾಕಿಸಿದರೆ ಟೈಮ್‌ಔಟೇ ಆಗಲ್ಲ.

ನಾಪೋಕ್ಲು_ನೆಟ್
ನಮ್ಮ ಕಡೆ ಅದೇ ಮೊದಲು ಹೋಗೋದು. ಟವರ್‌ನ ಬ್ಯಾಟರಿ ಇಳಿದರೆ ಯಾವ ಸಿಮ್ ಆದರೇನು? ಫೈಬರ್ ಎಳೆಸಿ, ರೌಟರ್‌ಗೆ 12 ವೋಲ್ಟಿನ ಸಣ್ಣ ಯುಪಿಎಸ್ ಕೊಟ್ಟು, ಮೆಷಿನ್ ಅನ್ನು ವೈಫೈಗೆ ಹಾಕಿದರೆ ಕರೆಂಟ್ ಹೋದ ಮೇಲೂ ಎರಡು ಗಂಟೆ ಓಡುತ್ತೆ. ನಮ್ಮಲ್ಲಿ ಒಂದು ಮೆಷಿನ್‌ಗೆ ಎರಡು ದಾರಿ ಇಟ್ಟಿದ್ದೇವೆ, ಸಿಮ್ ಒಂದು, ವೈಫೈ ಒಂದು.

ಕೌಂಟರ್_ಸೈಡ್
ಫೈಬರ್ ಮೇಲೆ ಸಿಲ್ವರ್ ಓಕ್ ಬಿದ್ದ ದಿನ ಮಾತಾಡೋಣ.

ಪೇಟೆ_ಬೀದಿ
ಇನ್ನೊಂದು ಕೇಳ್ತೀನಿ. ಪೆಟ್ರೋಲ್ ಬಂಕಿನಲ್ಲಿ ಕ್ರೆಡಿಟ್ ಕಾರ್ಡ್ ಫೇಲ್ ಆಗಿ ಲಿಮಿಟ್ ಮಾತ್ರ ಕಮ್ಮಿಯಾಗಿದೆ, ಬಿಲ್ಲಿನಲ್ಲಿ ಏನೂ ಇಲ್ಲ. ಇದೂ ಅದೇನಾ?

ಸ್ವಿಚ್_ಲಾಗ್
ಮೂಲ ಒಂದೇ, ರೂಪ ಬೇರೆ. ಅಲ್ಲಿ ದುಡ್ಡು ಹೋಗಿಲ್ಲ, ಲಿಮಿಟ್‌ನಲ್ಲಿ ಅಷ್ಟು ಮೊತ್ತ ತಡೆಹಿಡಿದಿದೆ. ಬಂಕಿನ ಬ್ಯಾಚಿನಿಂದ ಕೇಳಿಕೆ ಬರದಿದ್ದರೆ ತಡೆ ಬಿಡುತ್ತೆ. ಬಿಲ್ಲಿನಲ್ಲಿ ಜಮಾ ಅಂತ ಹುಡುಕಬೇಡಿ, ಖರ್ಚೇ ಬರೆಯದ ಮೇಲೆ ಜಮಾ ಬರಲ್ಲ.

ಹಾರಂಗಿಯವರೇ, ನಿಮ್ಮದಕ್ಕೆ ಬರ್ತೀನಿ. ಟೈಮ್‌ಔಟ್ ಆದ ಮೆಷಿನ್ ಸುಮ್ಮನಿರಲ್ಲ. "ಅದನ್ನು ರದ್ದು ಮಾಡಿ" ಅಂತ ಒಂದು ರಿವರ್ಸಲ್ ಸಂದೇಶ ತನ್ನೊಳಗೆ ಬರೆದಿಟ್ಟುಕೊಳ್ಳುತ್ತೆ. ನೆಟ್‌ವರ್ಕ್ ಇದ್ದರೆ ಕೂಡಲೇ ಹೋಗುತ್ತೆ, ಕೆಲವೇ ನಿಮಿಷದಲ್ಲಿ ದುಡ್ಡು ವಾಪಸ್. ಇಲ್ಲದಿದ್ದರೆ ಮುಂದಿನ ವ್ಯವಹಾರ ಮಾಡುವಾಗ ಮೊದಲು ಅದನ್ನು ಕಳಿಸಿ, ಆಮೇಲೆ ಹೊಸದಕ್ಕೆ ಕೈ ಹಾಕುವುದು ಹೆಚ್ಚಿನ ಮೆಷಿನ್‌ಗಳ ರೀತಿ. ಮೂರು ದಿನ ಆದರೂ ಬಂದಿಲ್ಲ ಅಂದರೆ ನನಗೆ ಅನುಮಾನ. ಶನಿವಾರದ ನಂತರ ಆ ಮೆಷಿನ್ ಆನ್ ಆಗಿದೆಯಾ ಕೇಳಿ.

ಹಾರಂಗಿ_ದಂಡೆ (ಸಂಜೆ)
ಕೇಳಿದೆ. ಶನಿವಾರ ಸಂಜೆ ಕರೆಂಟ್ ಹೋಗಿ ಬ್ಯಾಟರಿ ಸತ್ತಿತಂತೆ. ಅವತ್ತಿಂದ ಡ್ರಾಯರ್‌ನಲ್ಲಿದೆ, ಇನ್ನೊಂದು ಬ್ಯಾಂಕಿನ ಮೆಷಿನ್ ಬಳಸ್ತಿದ್ದಾರೆ.

ಸ್ವಿಚ್_ಲಾಗ್
ರಿವರ್ಸಲ್ ಸಂದೇಶ ಡ್ರಾಯರ್‌ನಲ್ಲಿದೆ ಅಂತಾಯ್ತು. ಚಾರ್ಜ್‌ಗೆ ಹಾಕಿ, ಸಿಗ್ನಲ್ ಬಂದ ಮೇಲೆ ಅವರಿಗೆ ಬರುವ ಮುಂದಿನ ಗಿರಾಕಿಯ ಕಾರ್ಡನ್ನು ಆ ಮೆಷಿನ್‌ನಲ್ಲೇ ಹಾಕಲಿ. ಆಮೇಲೆ ಸೆಟಲ್ಮೆಂಟ್ ಕೊಡಲಿ. ಮೆಮೊರಿ ಕ್ಲಿಯರ್, ಬ್ಯಾಚ್ ಕ್ಲಿಯರ್ ಅನ್ನುವುದನ್ನು ಯಾರೂ ಮುಟ್ಟಬಾರದು, ಬಾಕಿ ರಿವರ್ಸಲ್ ಅಳಿಸಿ ಹೋಗುತ್ತೆ.

ಅಳಿಸಿದರೂ ದುಡ್ಡು ಮುಳುಗಲ್ಲ. ನಿಮ್ಮ ಬ್ಯಾಂಕ್ ತಾನು ಕತ್ತರಿಸಿದ ಮೊತ್ತಗಳನ್ನು ಜಾಲದಿಂದ ಬರುವ ಸೆಟಲ್ಮೆಂಟ್ ಫೈಲ್ ಜೊತೆ ತಾಳೆ ನೋಡುತ್ತೆ. ಅಲ್ಲಿ ಜೋಡಿ ಸಿಗದ 8,640 ಅನ್ನು ವಾಪಸ್ ಹಾಕಬೇಕು. ಆ ದಾರಿ ನಿಧಾನ, ಆ 5 ದಿನ ಇರೋದು ಅದಕ್ಕೇ.

ಈಗಲೇ ಒಂದು ದೂರು ದಾಖಲಿಸಿ, ಫೋನಿನಲ್ಲಿ ಮಾತಾಡಿ ಬಿಡಬೇಡಿ, ದೂರಿನ ನಂಬರ್ ತಗೊಳ್ಳಿ. ಸ್ಟೇಟ್ಮೆಂಟಿನ ವಿವರದಲ್ಲಿ ಆ ವ್ಯವಹಾರವನ್ನು ಗುರುತಿಸುವ 12 ಅಂಕಿಯ ಆರ್‌ಆರ್‌ಎನ್ ಇರುತ್ತೆ. ಸಾಮಾನ್ಯವಾಗಿ ಮೊದಲ ಅಂಕಿ ವರ್ಷದ ಕೊನೆಯದು, ಮುಂದಿನ ಮೂರು ವರ್ಷದ ಎಷ್ಟನೇ ದಿನ ಅನ್ನೋದು. ಜುಲೈ 12 ಅಂದರೆ 193ನೇ ದಿನ, ಹಾಗಾಗಿ 5193ರಿಂದ ಶುರುವಾಗಿದ್ದರೆ ಸರಿಯಾದ ಸಾಲನ್ನೇ ಹಿಡಿದಿದ್ದೀರಿ. ಅದರ ಜೊತೆ ಸ್ಲಿಪ್‌ನಲ್ಲಿರುವ ಮೆಷಿನ್‌ನ ಗುರುತು ಅಂದರೆ 8 ಅಕ್ಷರದ ಟಿಐಡಿ, ತಾರೀಖು, ಸಮಯ, ಮೊತ್ತ ಕೊಡಿ. ಬರೆಯುವಾಗ "ವ್ಯವಹಾರ ಫೇಲ್" ಅಂತಷ್ಟೇ ಬರೆದರೆ ಪುನಃ ಸಕ್ಸಸ್ ಅಂತಲೇ ಉತ್ತರ ಬರುತ್ತೆ. ಹೀಗೆ ಬರೆಯಿರಿ: "ಖಾತೆ ಕಟ್ ಆಗಿದೆ, ವ್ಯಾಪಾರಿಗೆ ದೃಢೀಕರಣ ತಲುಪಿಲ್ಲ, ಈ ಮೊತ್ತಕ್ಕೆ ವ್ಯಾಪಾರಿ ಬ್ಯಾಂಕಿನಿಂದ ಸೆಟಲ್ಮೆಂಟ್ ಕೇಳಿಕೆ ಬಂದಿದೆಯೇ ಪರಿಶೀಲಿಸಿ." ಅಂಗಡಿಯವರ 12ನೇ ತಾರೀಖಿನ ಬ್ಯಾಚ್ ರಿಪೋರ್ಟ್‌ನಲ್ಲಿ ನಿಮ್ಮದು ಇಲ್ಲ ಅನ್ನೋ ಫೋಟೋ ಕೊಟ್ಟರೆ ಇನ್ನೂ ಗಟ್ಟಿ.

30 ದಿನದಲ್ಲಿ ಬಗೆಹರಿಯದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ಮೂಲಕ. ಬ್ಯಾಂಕಿನ ನಂಬರ್ ಕಾರ್ಡಿನ ಹಿಂಭಾಗದಲ್ಲಿರುವುದನ್ನೇ ಬಳಸಿ, ಗೂಗಲ್‌ನಲ್ಲಿ ಹುಡುಕಿ ಸಿಕ್ಕಿದ್ದಕ್ಕೆ ಮಾಡಬೇಡಿ. ರಿವರ್ಸಲ್‌ಗೆ ಓಟಿಪಿ ಬೇಕಾಗಲ್ಲ. ಕೇಳಿದವನು ಕಳ್ಳ.

ಹಾರಂಗಿ_ದಂಡೆ (ಗುರುವಾರ, 17 ಜುಲೈ)
8,640 ಬಂದಿದೆ. ಮೆಸೇಜ್ ಬರಲಿಲ್ಲ, ಸ್ಟೇಟ್ಮೆಂಟ್ ನೋಡಿದಾಗಲೇ ಗೊತ್ತಾಗಿದ್ದು. ನಿನ್ನೆಯ ತಾರೀಖಿನಲ್ಲಿ ಅದೇ ಆರ್‌ಆರ್‌ಎನ್ ಹಾಕಿ ಜಮಾ ಮಾಡಿದ್ದಾರೆ. ಮೆಷಿನ್ ಆನ್ ಮಾಡಿದ್ದು ನಿನ್ನೆ ಬೆಳಿಗ್ಗೆ, ದೂರು ಕೊಟ್ಟಿದ್ದು ಮಂಗಳವಾರ ರಾತ್ರಿ.

ಕೌಂಟರ್_ಸೈಡ್
ಹಾಗಾದರೆ ಮೆಷಿನ್‌ನಿಂದ ಬಂತಾ, ಬ್ಯಾಂಕಿನ ತಾಳೆಯಿಂದ ಬಂತಾ?

ಸ್ವಿಚ್_ಲಾಗ್
ಎರಡಕ್ಕೂ ಅವಕಾಶ ಇದೆ. ಅಷ್ಟು ತಡವಾಗಿ ಬಂದ ರಿವರ್ಸಲ್ ಅನ್ನು ಕೆಲವು ಬ್ಯಾಂಕುಗಳು ನೇರವಾಗಿ ಹೊಂದಿಸುತ್ತವೆ, ಕೆಲವು ತಾಳೆ ವಿಭಾಗಕ್ಕೆ ತಳ್ಳುತ್ತವೆ. ಜಮಾ ಆದ ಗಂಟೆ ಗೊತ್ತಾದರೆ ಹೇಳಬಹುದು.

ಪೇಟೆ_ಬೀದಿ
ನನ್ನ ಬಂಕಿನ ಲಿಮಿಟ್ ಇನ್ನೂ ಬಿಟ್ಟಿಲ್ಲ. ಇವತ್ತಿಗೆ ಒಂಬತ್ತು ದಿನ. ತಡೆ ಹಿಡಿದಿದ್ದಕ್ಕೂ ದಿನಕ್ಕೆ ನೂರು ಕೊಡ್ತಾರಾ, ಖಾತೆ ಕಟ್ ಆದರೆ ಮಾತ್ರವಾ?