ಅಪ್‌ಡೇಟ್: ಸಲೂನ್ ಬಿಡುವ ಪತ್ರ ಕೊಟ್ಟಾಯ್ತು

ನನ್ನ ಪ್ರಶ್ನೆ: "ಮಂಗಳೂರಿನ ಸಲೂನ್‌ನಲ್ಲಿ ಹೇರ್ ಸ್ಟೈಲಿಸ್ಟ್. ಉಡುಪಿಯಲ್ಲಿ ಸ್ವಂತ ಸ್ಟುಡಿಯೋ ತೆರೆಯಬೇಕು. ಓನರ್ ಅಕ್ಕನಿಗೆ ಬೇಸರವಾಗದ ಹಾಗೆ ರಾಜೀನಾಮೆ ಹೇಗೆ ಬರೆಯಲಿ?"

ಮೊದಲು ಎದುರಿಗೇ ಹೇಳಿದೆ, ಆಮೇಲೆ ಪತ್ರ ಕೊಟ್ಟೆ. ವಾಟ್ಸಾಪ್‌ನಲ್ಲಿ ಹಾಕಿದ್ದರೆ ಖಂಡಿತ ಬೇಜಾರಾಗುತ್ತಿತ್ತು. ಬರೆದದ್ದು ಇಷ್ಟೇ:

"ಪ್ರೀತಿಯ ಅಕ್ಕ, ಸ್ವಂತ ಸ್ಟುಡಿಯೋ ಶುರು ಮಾಡುವುದಕ್ಕಾಗಿ ಕೆಲಸ ಬಿಡುತ್ತಿದ್ದೇನೆ. ಜುಲೈ 15 ನನ್ನ ಕೊನೆಯ ದಿನ. ಅಲ್ಲಿಯವರೆಗೆ ಒಪ್ಪಿಕೊಂಡ ಮದುಮಗಳ ಬುಕಿಂಗ್‌ಗಳನ್ನೆಲ್ಲ ನಾನೇ ಮುಗಿಸುತ್ತೇನೆ. ಬ್ಲೋ ಡ್ರೈ ಮಾತ್ರ ಗೊತ್ತಿದ್ದ ನನಗೆ ಕಲರ್ ಕೆಲಸ ಕಲಿಸಿದವರು ನೀವು. ಅದಕ್ಕೆ ಧನ್ಯವಾದ."

ತಾರೀಖು ಸುಮ್ನೆ ಆರಿಸಿದ್ದಲ್ಲ. ಜುಲೈ ಮಧ್ಯದಿಂದ ಆಟಿ ತಿಂಗಳು, ನಮ್ಮಲ್ಲಿ ಮದುವೆ ಕಡಿಮೆ. ಹೊಸಬರನ್ನು ಹುಡುಕಲು ಅಕ್ಕನಿಗೂ ಸಮಯ ಸಿಗುತ್ತದೆ.

ಓದಿ ಅವರು ಕೇಳಿದ್ದು ಒಂದೇ: "ಕಸ್ಟಮರ್ ನಂಬರ್?" ಸಲೂನ್ ಪುಸ್ತಕದ ಯಾವ ನಂಬರೂ ಒಯ್ಯುವುದಿಲ್ಲ ಎಂದು ಪತ್ರದ ಕೆಳಗೆ ಅಲ್ಲೇ ಬರೆದುಕೊಟ್ಟೆ. ಕಲರ್ ಕಾರ್ಡ್‌ಗಳನ್ನೂ ಪೂರ್ತಿ ಮಾಡಿಡುತ್ತಿದ್ದೇನೆ: ಯಾರಿಗೆ ಯಾವ ಶೇಡ್, ಡೆವಲಪರ್ 20 ವಾಲ್ಯೂಮೋ 30 ವಾಲ್ಯೂಮೋ, ಎಷ್ಟು ನಿಮಿಷ, ಪ್ಯಾಚ್ ಟೆಸ್ಟ್‌ನಲ್ಲಿ ತುರಿಕೆ ಬಂದಿತ್ತಾ. ಇದಿಲ್ಲದಿದ್ದರೆ ಮುಂದೆ ಬರುವವರು ಬುಡದಲ್ಲಿ ಹೊಸ ಕೂದಲು ಬೆಳೆದಾಗ ಅದೇ ಬಣ್ಣ ತರಲು ಒದ್ದಾಡಬೇಕು.

ಕೆಲವರು ಸಂಬಳದ ತಕರಾರನ್ನೂ ಬರೆ ಅಂದಿದ್ದಿರಿ. ಬರೆಯಲಿಲ್ಲ. ಬಾಕಿ ಕಮಿಷನ್ ಬೇರೆಯಾಗಿ ಕೇಳಿದೆ, ಕೊನೆಯ ದಿನ ಅನುಭವ ಪತ್ರದ ಜೊತೆ ಕೊಡುತ್ತಾರಂತೆ.