ನನ್ನ ಬ್ಯಾರೋಮೀಟರ್ 965, ಮ್ಯಾಪಿನಲ್ಲಿ 1008: ಯಾವುದು ಸರಿ?

ರಾಯಚೂರು_ಛಾವಣಿ: ಮನೆ ಮಾಳಿಗೆ ಮೇಲೆ BMP280 ಸೆನ್ಸರ್ ಇಟ್ಟಿದ್ದೇನೆ. ಬೆಳಿಗ್ಗೆ 8:30ಕ್ಕೆ 965 ಹೆಕ್ಟೋಪಾಸ್ಕಲ್ ತೋರಿಸಿತು. ಅದೇ ಹೊತ್ತಿನ ಹವಾಮಾನ ಮ್ಯಾಪಿನಲ್ಲಿ 1008ರ ಗೆರೆ ನಮ್ಮೂರ ಸ್ವಲ್ಪ ಪೂರ್ವಕ್ಕಿದೆ, 1010ರದ್ದು ಪಶ್ಚಿಮಕ್ಕೆ. ಆಂಧ್ರ ಕರಾವಳಿಯಾಚೆ ಕಡಲಲ್ಲಿ L ಅಂತ ಇದೆ. ಸಂಜೆ 4ಕ್ಕೆ ನನ್ನದು 961ಕ್ಕೆ ಇಳಿಯಿತು. ವಾಯುಭಾರ ಕುಸಿತ ಇತ್ತ ಬರ್ತಿದೆಯಾ?

ಬಳ್ಳಾರಿ_ಸರ್ಕ್ಯೂಟ್: ಸೆನ್ಸರ್ ಕೆಟ್ಟಿಲ್ಲ, ಎತ್ತರದ ಲೆಕ್ಕ ಸೇರಿಲ್ಲ ಅಷ್ಟೇ. ಕೋಡಿನಲ್ಲಿ 47 ಕೂಡಿಸಿಬಿಡಿ. 961 ಹೋಗಿ 1008 ಆಗುತ್ತೆ, ಮ್ಯಾಪಿಗೆ ಸರಿಹೊಂದುತ್ತೆ.

ಮೋಡ_ನೋಡುವವ: ಎತ್ತರದ ಮಾತು ಸರಿ, ಆದರೆ 47 ಬೇಡ. ಅದು ಸಂಜೆಯ ಓದನ್ನು ಬೆಳಗಿನ ಮ್ಯಾಪಿಗೆ ಜೋಡಿಸಿದ್ದು. ಮ್ಯಾಪಿನ ಅಂಕಿಗಳೆಲ್ಲ ಸಮುದ್ರ ಮಟ್ಟಕ್ಕೆ ಇಳಿಸಿದವು. ಇಲ್ಲದಿದ್ದರೆ ಪ್ರತಿ ಗುಡ್ಡದ ಮೇಲೂ ಒಂದು L ಕಾಣುತ್ತಿತ್ತು. ರಾಯಚೂರು ಸುಮಾರು 400 ಮೀಟರ್ ಎತ್ತರದಲ್ಲಿದೆ. ನಮ್ಮ ಬಿಸಿಲಲ್ಲಿ ಸುಮಾರು 9 ಮೀಟರ್ ಮೇಲೇರಿದರೆ 1 ಹೆಕ್ಟೋಪಾಸ್ಕಲ್ ಕಡಿಮೆ. 400ನ್ನು 9ರಿಂದ ಭಾಗಿಸಿದರೆ 44. ಬೆಳಗಿನ 965ಕ್ಕೆ 44 ಸೇರಿಸಿ, 1009. ಎರಡು ಗೆರೆಗಳ ನಡುವೆ ಸರಿಯಾಗಿ ಕೂತಿತು, ಅಲ್ವಾ?

ಇನ್ನು ಸಂಜೆಯ ಇಳಿತ. ನಮ್ಮ ಕಡೆ ಒತ್ತಡ ದಿನಾ ಬೆಳಿಗ್ಗೆ 10ರ ಸುಮಾರಿಗೆ ಏರಿ, ಸಂಜೆ 4ರ ಹೊತ್ತಿಗೆ 3–4 ಇಳಿಯುತ್ತದೆ. ರಾತ್ರಿ ಮತ್ತೆ ಏರುತ್ತದೆ. ಆಕಾಶ ಶುಭ್ರವಾಗಿದ್ದರೂ ಹೀಗೇ. ಹಾಗಾಗಿ ಇಂದಿನ 4 ಗಂಟೆಯನ್ನು ನಿನ್ನೆಯ 4 ಗಂಟೆಗೇ ಹೋಲಿಸಿ.

ಸಿಂಧನೂರು_ಭತ್ತ: ಕೊಯ್ಲಿಗೆ ಬಂದಿದೆ ರೀ. L ಅಂದ್ರೆ ಮಳೆ ಖಾತ್ರಿ ತಾನೇ? ಮಷಿನ್ ನಾಳೆ ತರಿಸಲಾ?

ಮೋಡ_ನೋಡುವವ: ಖಾತ್ರಿ ಅಲ್ಲ ಅಣ್ಣ. ಮೇ ತಿಂಗಳಲ್ಲಿ ರಾಜಸ್ಥಾನದ ಕಡೆ ಬರೀ ಕಾವಿಗೇ L ಬರುತ್ತದೆ, ಹನಿಯೂ ಬೀಳಲ್ಲ. ಈಗಿನದು ಕಡಲಿನದು, ತೇವ ಇದೆ. ಆದರೆ ಈ ಮ್ಯಾಪ್ ಬೆಳಗಿನ ಸ್ಥಿತಿ ಮಾತ್ರ, ಮುನ್ಸೂಚನೆ ಅಲ್ಲ. L ಪೂರ್ವಕ್ಕಿರುವ ತನಕ ನಮಗೆ ಬೀಸೋದು ಉತ್ತರದ ಒಣಗಾಳಿ. ಗಾಳಿಗೆ ಬೆನ್ನು ಹಾಕಿ ನಿಲ್ಲಿ, ಕುಸಿತ ನಿಮ್ಮ ಎಡಗಡೆಗೆ ಇರುತ್ತದೆ. ಗಾಳಿ ತಿರುಗಿ ಪೂರ್ವದಿಂದ ಬೀಸಿ ತೇವ ತಂದರೆ ಆಗ ಎಚ್ಚರ. ಮಷಿನ್ ವಿಚಾರಕ್ಕೆ ಹವಾಮಾನ ಇಲಾಖೆಯ ಜಿಲ್ಲಾ ಮುನ್ಸೂಚನೆ ನೋಡಿ.

ಕೊಪ್ಪಳ_ಟೀಚರ್: ಪುಸ್ತಕದಲ್ಲಿ ನೀಲಿ ತ್ರಿಕೋನದ ಗೆರೆ ಇರುತ್ತಲ್ಲ ಸರ್, ಈ ಮ್ಯಾಪಿನಲ್ಲಿ ಒಂದೂ ಇಲ್ಲ. ಬಿಟ್ಟುಹೋಯ್ತಾ?

ಮೋಡ_ನೋಡುವವ: ಇಲ್ಲ ಮೇಡಂ. ಅದು ಕೋಲ್ಡ್ ಫ್ರಂಟ್. ತಣ್ಣನೆ ಗಾಳಿ ಬೆಚ್ಚನೆ ಗಾಳಿಯನ್ನು ತಳ್ಳುವ ಗಡಿ. ನಮ್ಮ ಅಕ್ಷಾಂಶದಲ್ಲಿ ಎರಡು ಕಡೆಯ ಗಾಳಿಗೂ ಅಂಥ ವ್ಯತ್ಯಾಸ ಇರಲ್ಲ, ಅದಕ್ಕೇ ಬರೆಯಲ್ಲ. ಯೂರೋಪಿನ ಮ್ಯಾಪ್ ತೆರೆದರೆ ಬೇಕಾದಷ್ಟು ಸಿಗುತ್ತವೆ.

ಬಳ್ಳಾರಿ_ಸರ್ಕ್ಯೂಟ್: 44 ಹಾಕಿದೆ ಅಂತಿಟ್ಟುಕೊಳ್ಳಿ. BMP280ಗೇ 1 ಹೆಕ್ಟೋಪಾಸ್ಕಲ್ ಆಚೀಚೆ ಇರುತ್ತೆ. ಚಳಿಗಾಲದಲ್ಲಿ ಅದೇ 44 ನಡೆಯುತ್ತಾ?

ಮೋಡ_ನೋಡುವವ: ಗಾಳಿ ತಣ್ಣಗಾದರೆ 45, 46 ಬೇಕಾದೀತು. ಏರಿಳಿತ ನೋಡೋಕೆ ಅದು ಅಡ್ಡಿಯಲ್ಲ.

ರಾಯಚೂರು_ಛಾವಣಿ: ನಿನ್ನೆ ಸಂಜೆ 4ರ ಓದು ತೆಗೆದೆ, 962. ಇವತ್ತು 961. ಒಂದೇ ಇಳಿದಿದೆ. ಸೆನ್ಸರ್‌ನ ಆಚೀಚೆಯೋ ನಿಜವಾದ ಇಳಿತವೋ ಗೊತ್ತಾಗ್ತಿಲ್ಲ. ನಾಳೆಯ ಓದು ಹಾಕ್ತೀನಿ.