ಬಾಣಂತನ ಮಾಡಿದ ಅತ್ತೆ ಮನೆಯವರಿಗೆ ಏನು ಕೊಡಲಿ, ಹೇಗೆ ಹೇಳಲಿ?

ಕೇಳಿದವರು: ಅಮ್ಮನಿಗೆ ಮಂಡಿ ಆಪರೇಷನ್ ಆಗಿದ್ದರಿಂದ ನನ್ನ ಬಾಣಂತನ ಹಾವೇರಿಯ ಅತ್ತೆ ಮನೆಯಲ್ಲೇ ಆಯಿತು. ಪಥ್ಯದ ಅಡುಗೆ ಅತ್ತೆಯದು. ಮಗುವಿಗೆ ಎಣ್ಣೆ ಹಚ್ಚಿ ಎರೆದವರು ಗಂಡನ ಅಜ್ಜಿ. ರಾತ್ರಿ ಮಗು ಎತ್ತಿಕೊಂಡವರು ವಾರಗಿತ್ತಿ. ತೊಟ್ಟಿಲಿಗೆ ತವರಿನವರೂ ಬರುತ್ತಾರೆ. ಯಾರಿಗೂ ಬೇಜಾರಾಗದ ಹಾಗೆ ಇವರಿಗೆಲ್ಲ ಏನು ಮಾಡಲಿ?

ಇಬ್ಬರು ಸೊಸೆಯರ ಅತ್ತೆ, ಧಾರವಾಡ: ತೊಟ್ಟಿಲ ದಿನ ಕೊಡಬೇಡಮ್ಮ. ಅವತ್ತು ನೀನು ಸೀರೆ ಕೊಟ್ಟರೂ ಅದು ತವರಿನ ಆಯೇರಿ ಅಂತಲೇ ಲೆಕ್ಕ. ಬೀಗರು ಏನು ತಂದರು ಅಂತ ಬಂದವರೆಲ್ಲ ಮಡಿಕೆ ಬಿಚ್ಚಿ ನೋಡುತ್ತಾರೆ. ನಿನ್ನ ಮಾತು ಆ ಗದ್ದಲದಲ್ಲಿ ಯಾರಿಗೆ ಕೇಳಿಸುತ್ತೆ? ಆಯೇರಿ ನಿನ್ನ ಅಪ್ಪ ಅಮ್ಮ ಮಾಡಲಿ. ನಿನ್ನದು ಬೇರೆ ಇರಲಿ. ಊರಿಗೆ ಹೊರಡುವ ಹಿಂದಿನ ದಿನ, ಮನೆ ಮಂದಿ ಮಾತ್ರ ಇದ್ದಾಗ ಕೊಡು. ಮೊದಲು ಅಜ್ಜಿ, ಆಮೇಲೆ ಅತ್ತೆ ಮಾವ, ಆಮೇಲೆ ಭಾವ ವಾರಗಿತ್ತಿ. ಗಂಡ ಹೆಂಡತಿ ಸೇರಿ ನಮಸ್ಕಾರ ಮಾಡಿ. ವಾರಗಿತ್ತಿಯ ಸೀರೆ ಅತ್ತೆಯದಕ್ಕಿಂತ ಸ್ವಲ್ಪ ಕಡಿಮೆ ಇರಲಿ, ಎದ್ದು ಕಾಣುವಷ್ಟು ಬೇಡ. ಅಂಗಡಿಗೆ ಅತ್ತೆಯನ್ನೇ ಕರೆದುಕೊಂಡು ಹೋಗು. ದೊಡ್ಡ ಸೊಸೆಗೆ ಯಾವುದು ಅಂತ ಅವರೇ ಆರಿಸಿದರೆ ಆಮೇಲೆ ಮಾತಿಗೆ ಜಾಗವೇ ಇರಲ್ಲ.

ಅಳಿಯ, ಮೈಸೂರು: ನನ್ನದೂ ಇದೇ ಕಥೆ. ಹೆಂಡತಿಯ ಬಾಣಂತನ ಅವಳ ತವರಲ್ಲಾಯಿತು. ಅಳಿಯನ ದುಡ್ಡು ಮುಟ್ಟಲ್ಲ ಅಂದರು ಮಾವ. ಹಂಡೆ ಒಲೆಯ ಹೊಗೆಯಲ್ಲಿ ಅತ್ತೆ ಕೆಮ್ಮುತ್ತಿದ್ದರು ಅಂತ ಹೇಳದೆ ಕೇಳದೆ ಗೀಸರ್ ಹಾಕಿಸಿದೆ. ಬೈದರು, ಆದರೆ ದಿನಾ ಬಳಸುತ್ತಾರೆ. ನೀವೂ ಅತ್ತೆಗೆ ಒಂದು ಜೊತೆ ಚಿನ್ನದ ಓಲೆ ಕೊಟ್ಟುಬಿಡಿ, ಮುಗೀತು.

ಕಿರಿ ಸೊಸೆ, ಶಿವಮೊಗ್ಗ: ಗೀಸರ್ ಸರಿ ಅಣ್ಣ, ಓಲೆಯಿಂದ ಮುಗಿಯಲ್ಲ, ಶುರುವಾಗುತ್ತೆ. ಅತ್ತೆಗೆ ಚಿನ್ನ ಹೋದರೆ ನಿದ್ದೆಗೆಟ್ಟ ವಾರಗಿತ್ತಿ ಏನಂದುಕೊಳ್ಳಬೇಕು? ಅವರ ಬಾಣಂತನದಲ್ಲಿ ಈ ಮನೆಯಲ್ಲಿ ಯಾರು ಎದ್ದಿದ್ದರೋ, ಇಲ್ಲವೋ. ಅವರಿಗೆ ಸೀರೆಗಿಂತ ಮಾತು ಮುಖ್ಯ. "ನೀವು ಎತ್ತಿಕೊಂಡಿದ್ದಕ್ಕೆ ನಾನು ಕಣ್ಣು ಮುಚ್ಚಿದೆ ಅಕ್ಕಾ" ಅಂತ ಅತ್ತೆಯ ಎದುರಿಗೇ ಹೇಳಿ. ಆದರೆ ನಿಮ್ಮಮ್ಮನ ಎದುರು "ಹೆತ್ತ ತಾಯಿಗಿಂತ ಹೆಚ್ಚು ನೋಡಿಕೊಂಡರು" ಅನ್ನಬೇಡಿ. ಮಗಳ ಬಾಣಂತನ ಮಾಡೋಕಾಗಲಿಲ್ಲ ಅನ್ನೋ ಸಂಕಟ ಅವರಿಗೆ ಮೊದಲೇ ಇರುತ್ತೆ, ಅಲ್ವಾ?

ಗದಗದವರು: ಅಜ್ಜ ಇದ್ದಾರಾ? ಇಲ್ಲದಿದ್ದರೆ ಅರಿಶಿನ ಕುಂಕುಮದ ತಟ್ಟೆ ಹಿಡಿಯುವ ಮುಂಚೆ ಮನೆಯವರನ್ನು ಕೇಳಿ. ನಮ್ಮಲ್ಲಿ ಅಂಥವರಿಗೆ ಸೀರೆ, ಹಣ್ಣು ಮಾತ್ರ.

ಇಬ್ಬರು ಸೊಸೆಯರ ಅತ್ತೆ, ಧಾರವಾಡ: ನಾವೀಗ ಎಲ್ಲರಿಗೂ ಹಚ್ಚುತ್ತೇವೆ. ಎಲ್ಲ ಮನೆಯಲ್ಲೂ ನಡೆಯಲ್ಲ, ಅದೂ ನಿಜ.

ಕೇಳಿದವರು: ಅಜ್ಜ ಇಲ್ಲ. ಅತ್ತೆಗೆ ಹಚ್ಚಿ ಅಜ್ಜಿಯನ್ನು ಬಿಟ್ಟರೆ ನನಗೇ ಕಸಿವಿಸಿ, ಹಚ್ಚೋಕೆ ಹೋದರೆ ಅವರೇ ಕೈ ಹಿಡಿದು ಬೇಡ ಅನ್ನಬಹುದು. ನಾದಿನಿಗೆ ಫೋನ್ ಮಾಡಿ ಕೇಳುತ್ತೇನೆ.